ಮುಟ್ಟಿನ ಮೊದಲ ದಿನದ ಭೇದಿಗೆ ಆಂಟಿಬಯಾಟಿಕ್ ಬೇಡ

ಪ್ರಶ್ನೆ: ನನಗೆ 24 ವರ್ಷ, ಮಾರತ್ತಹಳ್ಳಿಯ ಪಿ.ಜಿ.ಯಲ್ಲಿದ್ದೇನೆ. ಪೀರಿಯಡ್ಸ್ ಶುರುವಾದ ದಿನ ಬೆಳಗ್ಗೆಯೇ ಮೂರು ನಾಲ್ಕು ಸಲ ಲೂಸ್ ಮೋಷನ್, ವಾಕರಿಕೆ, ಮಧ್ಯಾಹ್ನಕ್ಕೆ ತಲೆನೋವು. ಮರುದಿನ ಸಂಜೆಗೆ ಎಲ್ಲ ಸರಿಹೋಗುತ್ತೆ. ಹೊಟ್ಟೆನೋವು ತಡೆಯೋಕಾಗದಾಗ ಮೆಫೆನಾಮಿಕ್ ಆಸಿಡ್ ಮಾತ್ರೆ ನುಂಗಿದರೆ ಅದೂ ವಾಂತಿಯಾಗುತ್ತೆ. ಮೆಡಿಕಲ್ ಶಾಪ್‌ನವರು ಹೊಟ್ಟೆ ಇನ್‌ಫೆಕ್ಷನ್ ಅಂತ ಎರಡು ಸಲ ಆಂಟಿಬಯಾಟಿಕ್ ಕೊಟ್ಟರು. ಪಿ.ಜಿ. ಊಟ ಕಾರಣವಾ?

ಉತ್ತರ: ಪಿ.ಜಿ. ಊಟದ ಮೇಲೆ ನಿಮಗೆ ಬೇರೆ ದೂರುಗಳಿರಬಹುದು, ಇದೊಂದನ್ನು ಅದರ ತಲೆಗೆ ಕಟ್ಟಬೇಡಿ. ಪ್ರತಿ ತಿಂಗಳು ಮುಟ್ಟಿನ ದಿನವೇ ಬಂದು ಮರುದಿನ ಸಂಜೆ ಹೊರಟುಹೋಗುವ ಸೋಂಕು ಯಾವುದೂ ಇಲ್ಲ. ಆಂಟಿಬಯಾಟಿಕ್ ತಿಂದು ಗುಣವಾದಂತೆ ಕಂಡಿರುತ್ತದೆ; ತಿನ್ನದಿದ್ದರೂ ಅದೇ ಹೊತ್ತಿಗೆ ಗುಣವಾಗುತ್ತಿತ್ತು. ಚೀಟಿ ಇಲ್ಲದೆ ಕೌಂಟರ್ ಮೇಲಿಂದ ಆಂಟಿಬಯಾಟಿಕ್ ಕೊಡುವವರು ವೈದ್ಯರಲ್ಲ, ವ್ಯಾಪಾರಿಗಳು.

ಮುಟ್ಟಿಗೆ ಮುಂಚೆ ಪ್ರೊಜೆಸ್ಟರೋನ್ ಎಂಬ ಹಾರ್ಮೋನ್ ಕುಸಿಯುತ್ತದೆ. ಆಗ ಗರ್ಭಕೋಶದ ಒಳಪದರ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಹೇರಳವಾಗಿ ತಯಾರಿಸುತ್ತದೆ, ಸ್ರಾವದ ಮೊದಲ 48 ಗಂಟೆಗಳಲ್ಲಿ ಅವುಗಳ ಪ್ರಮಾಣ ಅತಿ ಹೆಚ್ಚು. ಗರ್ಭಕೋಶವನ್ನು ಹಿಂಡಿ, ಅಲ್ಲಿನ ರಕ್ತನಾಳಗಳನ್ನು ಕಿರಿದಾಗಿಸಿ ನೋವು ತರಿಸುವುದು ಇವೇ. ಇವುಗಳ ಒಂದು ಪಾಲು ಆಚೆಗೂ ಹರಡಿ ಕರುಳಿನ ಮೇಲೆ ಕೆಲಸ ಮಾಡುತ್ತದೆ. ಕರುಳಿನ ಸ್ನಾಯು ಬಿರುಸಾಗಿ ಹಿಂಡುತ್ತದೆ. ನೀರು ಹೀರಿಕೊಳ್ಳಬೇಕಾದ ಕರುಳು ನೀರು, ಲವಣಗಳನ್ನು ತಾನೇ ಒಳಗೆ ಸುರಿಸುತ್ತದೆ. ನಿಮ್ಮ ಭೇದಿ ಅಷ್ಟೇ. ಇದನ್ನು ನಂಬದವರು ಯಾವುದಾದರೂ ಹೆರಿಗೆ ವಾರ್ಡಿನ ನರ್ಸನ್ನು ಕೇಳಲಿ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಕೊಡುವ ಕಾರ್ಬೊಪ್ರೋಸ್ಟ್ ಎಂಬ ಇಂಜೆಕ್ಷನ್ ಪ್ರೊಸ್ಟಾಗ್ಲಾಂಡಿನ್ನಿನದೇ ಒಂದು ರೂಪ. ಅದನ್ನು ಕೊಟ್ಟ ಮೇಲೆ ಬಾಣಂತಿಗೆ ವಾಂತಿ, ಭೇದಿ ಆಗುವುದು ತೀರಾ ಸಾಮಾನ್ಯ.

ಈಗ ನಿಮ್ಮ ಮಾತ್ರೆ ಏಕೆ ಸೋಲುತ್ತದೆ ನೋಡೋಣ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್, ನ್ಯಾಪ್ರೋಕ್ಸೆನ್ ಇವೆಲ್ಲ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ತಡೆಯುತ್ತವೆ. ಆಗಲೇ ತಯಾರಾಗಿರುವುದನ್ನು ಅಳಿಸುವುದಿಲ್ಲ. ನೀವು ನೋವು ತಡೆಯಲಾಗದ ಹಂತದವರೆಗೆ ಕಾಯುತ್ತೀರಿ, ಅಷ್ಟರಲ್ಲಿ ಹೊಟ್ಟೆ ತೊಳಸತೊಡಗಿರುತ್ತದೆ, ನುಂಗಿದ್ದು ಹೊರಗೆ ಬರುತ್ತದೆ. ಮಾತ್ರೆಯ ದೋಷವಲ್ಲ, ಹೊತ್ತಿನ ದೋಷ. "ಆದಷ್ಟು ತಡೆದುಕೋ, ಮಾತ್ರೆ ಅಭ್ಯಾಸವಾಗುತ್ತೆ" ಎಂದು ಮನೆಯಲ್ಲಿ ಹೇಳಿಕೊಟ್ಟ ಬುದ್ಧಿವಾದ ಇಲ್ಲಿ ನೇರವಾಗಿ ಹಾನಿ ಮಾಡುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಸ್ರಾವ ಕಂಡ ಕೂಡಲೇ, ನೋವಿಗೆ ಕಾಯದೆ, ಎರಡು ಇಡ್ಲಿಯನ್ನೋ ಒಂದು ಬಾಳೆಹಣ್ಣನ್ನೋ ತಿಂದು ಐಬುಪ್ರೊಫೇನ್ 400 ಮಿ.ಗ್ರಾಂ ತೆಗೆದುಕೊಳ್ಳಿ. ನಂತರ ಎಂಟು ಗಂಟೆಗೊಮ್ಮೆ, ಏನಾದರೂ ತಿಂದ ಮೇಲೆ. ದಿನಕ್ಕೆ ಮೂರು ಮಾತ್ರೆ ದಾಟಬೇಡಿ. ಮಧ್ಯೆ ಹಾಯೆನಿಸಿತೆಂದು ನಿಲ್ಲಿಸದೆ ಎರಡು ದಿನ ಪೂರ್ತಿ ಮುಂದುವರಿಸಿ, ಮೂರನೇ ದಿನ ಬೇಕಾಗುವುದು ಅಪರೂಪ. ತಾರೀಖು ತಪ್ಪದೆ ಮುಟ್ಟಾಗುವವರು, ಗರ್ಭ ನಿಂತಿರುವ ಸಾಧ್ಯತೆಯೇ ಇಲ್ಲದಿದ್ದರೆ, ಹಿಂದಿನ ದಿನವೇ ಶುರು ಮಾಡಬಹುದು. ವಾಂತಿ ಹಟ ಹಿಡಿದರೆ ಅದಕ್ಕೆ ಬೇರೆ ಮಾತ್ರೆ ಬೇಕು, ಅದನ್ನು ವೈದ್ಯರಿಂದ ಬರೆಸಿಕೊಳ್ಳಿ. ಎಲ್ಲರೂ ಕೈಹಾಕುವ ಒಂಡಾನ್ಸೆಟ್ರಾನ್ ತಾನೇ ತಲೆನೋವು ತರಬಲ್ಲದು, ನಿಮಗೆ ಅದೊಂದು ಬಾಕಿ. ಭೇದಿಗೆ ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ, ಗುಟುಕು ಗುಟುಕಾಗಿ ಕುಡಿಯಿರಿ. ಒಂದು ಲೋಟಕ್ಕೆ ಸುರಿದು ಕುಡಿದರೆ ಭೇದಿ ಹೆಚ್ಚುತ್ತದೆ.

ನಿಮಗೆ ಮೆಫೆನಾಮಿಕ್ ಬಿಟ್ಟು ಐಬುಪ್ರೊಫೇನ್ ಹೇಳಿದ್ದಕ್ಕೆ ಕಾರಣವಿದೆ. ಮೆಫೆನಾಮಿಕ್ ಆಸಿಡ್‌ನಿಂದಲೇ ಕೆಲವರಿಗೆ ಭೇದಿಯಾಗುತ್ತದೆ. ಮಾತ್ರೆ ನುಂಗುವ ಮೊದಲೇ ಶುರುವಾದದ್ದು ಪ್ರೊಸ್ಟಾಗ್ಲಾಂಡಿನ್‌ನ ಭೇದಿ. ನುಂಗತೊಡಗಿದ ಮೇಲೆ ಶುರುವಾಗಿ ಮೂರನೇ ದಿನಕ್ಕೂ ಎಳೆದರೆ ಮಾತ್ರೆಯನ್ನು ಅನುಮಾನಿಸಿ. ಬೆಳಗ್ಗೆಯೇ ಶುರುವಾಗುವ ನಿಮ್ಮದು ಮೊದಲ ಬಗೆಯದು. ಆದರೂ ಉರಿಯುವುದಕ್ಕೆ ತುಪ್ಪ ಸುರಿಯುವುದೇಕೆ? ಎರಡನ್ನೂ ಒಟ್ಟಿಗೆ ಮಾತ್ರ ನುಂಗಬೇಡಿ, ಜಠರಕ್ಕೆ ಹೊಡೆತ ಇಮ್ಮಡಿಯಾಗುತ್ತದೆ. ಸ್ಟ್ರಿಪ್ ಹಿಂದೆ ಬರೆದಿರುವ ಔಷಧದ ಹೆಸರು ಓದಿ.

ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ಪಿರಿನ್‌ನಿಂದ ಉಲ್ಬಣಿಸುವ ಅಸ್ತಮಾ ಇರುವವರು, ರಕ್ತ ತೆಳುವಾಗಿಸುವ ಔಷಧ ತಿನ್ನುವವರು ಈ ಗುಂಪಿನ ಮಾತ್ರೆ ಮುಟ್ಟಬಾರದು. ಮಳೆಗಾಲದಲ್ಲಿ ಜ್ವರವಿದ್ದಾಗ ಮುಟ್ಟಾದರೆ ಯಾರೂ ಈ ಮಾತ್ರೆಗಳನ್ನು ತಿನ್ನಬಾರದು, ಡೆಂಗಿ ಇದ್ದರೆ ರಕ್ತಸ್ರಾವದ ಅಪಾಯ. ಆಗ ಪ್ಯಾರಾಸಿಟಮಾಲ್ ಮಾತ್ರ, ನೋವಿಗೆ ಅದು ಸಪ್ಪೆಯಾದರೂ.

ತಲೆನೋವಿನ ಪೂರ್ತಿ ಹೊಣೆ ಪ್ರೊಸ್ಟಾಗ್ಲಾಂಡಿನ್‌ನದಲ್ಲ. ಈಸ್ಟ್ರೋಜನ್ ಕುಸಿತವೂ ಸೇರಿರುತ್ತದೆ, ಭೇದಿಯಿಂದ ನೀರು ಕಡಿಮೆಯಾಗಿರುತ್ತದೆ. ದಿನಾ ಎರಡು ಫಿಲ್ಟರ್ ಕಾಫಿ ಕುಡಿಯುವವರು ವಾಕರಿಕೆಯೆಂದು ಅಂದು ಬಿಟ್ಟರೆ ಅದೇ ಸಾಕು, ಮಧ್ಯಾಹ್ನಕ್ಕೆ ತಲೆ ಸಿಡಿಯುತ್ತದೆ. ಅರ್ಧ ಲೋಟವಾದರೂ ಕುಡಿಯಿರಿ. ಆದರೆ ತಲೆಯ ಒಂದೇ ಬದಿ ಬಡಿಯುತ್ತಾ, ಬೆಳಕು ಸಹಿಸಲಾಗದೆ ಹೋದರೆ ಅದು ಮೈಗ್ರೇನ್ ಇರಬಹುದು, ಅದಕ್ಕೆ ಬೇರೆ ಔಷಧಗಳಿವೆ. ಅದಕ್ಕೂ ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಮಿಂಚಿನ ಗೆರೆ ಕಾಣುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಅಂಥವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಹೀಗೆ ಮೂರು ತಿಂಗಳು ಮಾಡಿಯೂ ಬದಲಾಗದಿದ್ದರೆ, ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿನ ದಿನಗಳಲ್ಲಿ ಮಲ ವಿಸರ್ಜಿಸುವಾಗ ಇರಿದಂತೆ ನೋಯುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ, ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಸ್ಕ್ಯಾನ್ ನಾರ್ಮಲ್ ಎಂದ ಮಾತ್ರಕ್ಕೆ ಅದಿಲ್ಲವೆಂದಲ್ಲ. ಮಲದಲ್ಲಿ ರಕ್ತ ಕಂಡರೆ ಮುಟ್ಟಿನ ಲೆಕ್ಕ ಬಿಟ್ಟು ತೋರಿಸಿ. ಟ್ಯಾಂಪನ್ ಅಥವಾ ಕಪ್ ಬಳಸುವವರಿಗೆ ವಾಂತಿ ಭೇದಿಯೊಂದಿಗೆ ಜೋರು ಜ್ವರ, ಮೈಮೇಲೆ ಕೆಂಪು ಗಂಧೆ, ತಲೆಸುತ್ತು ಬಂದರೆ ಅದನ್ನು ತೆಗೆದುಹಾಕಿ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಕೆಟ್ಟ ರಕ್ತ ಪೂರ್ತಿ ಹೋಗದೆ ತಲೆಗೇರಿ ತಲೆನೋವು ಬರುತ್ತದಂತೆ. ಡಿಟಾಕ್ಸ್ ಕಷಾಯ ತೆಗೆದುಕೊಳ್ಳಬಹುದಾ?

ಉತ್ತರ: ಮುಟ್ಟಿನದು ಕೆಟ್ಟ ರಕ್ತವಲ್ಲ, ಅದು ತಲೆಗೆ ಏರುವ ದಾರಿಯೂ ಇಲ್ಲ. ಅಂಥ ಎಷ್ಟೋ ಕಷಾಯಗಳಲ್ಲಿ ಸೋನಾಮುಖಿ ಇರುತ್ತದೆ, ಅದು ಭೇದಿ ಮಾಡಿಸುವ ಔಷಧ.

ಪ್ರಶ್ನೆ: ಮೊಸರು, ತಲೆಸ್ನಾನ ಬಿಟ್ಟರೆ ವಾಕರಿಕೆ ಕಡಿಮೆಯಾಗುತ್ತಾ?

ಉತ್ತರ: ಇಲ್ಲ. ಮೊಸರನ್ನ ಹೊಟ್ಟೆಯಲ್ಲಿ ನಿಲ್ಲುವುದಾದರೆ ಅದನ್ನೇ ತಿನ್ನಿ.

ಪ್ರಶ್ನೆ: ಪ್ರತಿ ತಿಂಗಳು ನೋವಿನ ಮಾತ್ರೆ ತಿಂದರೆ ಮಕ್ಕಳಾಗಲ್ಲ ಅಂತಾರೆ ನಮ್ಮತ್ತೆ. ನಿಜವಾ?

ಉತ್ತರ: ಮುಟ್ಟಿನ ಎರಡು ದಿನ ತಿಂದರೆ ಏನೂ ಆಗುವುದಿಲ್ಲ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ತಿಂಗಳ ನಡುವೆ, ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಮಾತ್ರ ಇವನ್ನು ತಿನ್ನದಿರಲಿ.