ಬಿಸಿನೀರಿನ ಪೈಪು: ಗುತ್ತಿಗೆದಾರರಿಗೆ ಬರೆಯುವ ಪತ್ರದಲ್ಲಿ ಏನಿರಬೇಕು?

ಪ್ರಶ್ನೆ: ಕಾಸರಗೋಡಿನಲ್ಲಿ ನಮ್ಮದು ಮೂರು ಮಹಡಿಯ ಹೋಟೆಲು. ಟೆರೇಸಿನ ಟ್ಯಾಂಕಿನಿಂದ ಎಲ್ಲ ಕೋಣೆಗಳಿಗೂ ಬಿಸಿನೀರು ಕೊಡಿಸುತ್ತಿದ್ದೇವೆ. ಪೈಪು, ಇನ್ಸುಲೇಷನ್, ಪರೀಕ್ಷೆ ಬಗ್ಗೆ ಗುತ್ತಿಗೆದಾರರಿಗೆ ಪತ್ರ ಬರೆಯಬೇಕು. ಏನೇನು ನಮೂದಿಸಲಿ?
– ಮ್ಯಾನೇಜರ್, ಕಾಸರಗೋಡು

ಉತ್ತರ: "ಒಳ್ಳೆಯ ಕಂಪನಿಯ ಪೈಪು ಹಾಕಿ" ಎಂದಷ್ಟೇ ಬರೆದರೆ ಜಗಳಕ್ಕೆ ದಾರಿ. ಹೀಗೆ ಬರೆಯಿರಿ: "ಐಎಸ್ 15778 ಗುರುತಿನ, ಎಸ್‌ಡಿಆರ್ 11 ದರ್ಜೆಯ ಸಿಪಿವಿಸಿ ಪೈಪು; ಫಿಟಿಂಗ್, ಸಾಲ್ವೆಂಟ್ ಎರಡೂ ಸಿಪಿವಿಸಿಯದ್ದೇ." ಸಿಪಿವಿಸಿ ಎಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್; ಎಸ್‌ಡಿಆರ್ ಎಂದರೆ ಪೈಪಿನ ಹೊರವ್ಯಾಸ ಅದರ ದಪ್ಪದ ಎಷ್ಟು ಪಟ್ಟು ಎಂಬ ಲೆಕ್ಕ; ಸಾಲ್ವೆಂಟ್ ಎಂದರೆ ಜಾಯಿಂಟಿನ ಅಂಟು. ತಣ್ಣೀರಿನ ಯುಪಿವಿಸಿ ಪೈಪಿನ ಸಾಲ್ವೆಂಟ್ ಬಳಿದ ಜಾಯಿಂಟು ತಣ್ಣೀರಿನಲ್ಲಿ ನಿಂತೀತು, ಬಿಸಿನೀರಿನಲ್ಲಿ ಬಿಡುತ್ತದೆ.

ಬಿಸಿಯಾದಾಗ ಈ ಪೈಪು ಉದ್ದವಾಗುತ್ತದೆ. ಟೆರೇಸಿನ ಮೇಲೆ 20 ಮೀಟರ್ ನೇರ ಪೈಪಿದ್ದು, 28 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 4 ಸೆಂ.ಮೀ. ಬೆಳೆಯುತ್ತದೆ. ಕ್ಲಾಂಪುಗಳನ್ನು ಬಿಗಿದುಬಿಟ್ಟರೆ ಆ ಒತ್ತಡವೆಲ್ಲ ಎಲ್ಬೊ ಮೇಲೆ ಬೀಳುತ್ತದೆ. ಆದ್ದರಿಂದ ನಡುವೆ ಒಂದು ಯು ಲೂಪ್ ಇರಲಿ; ಪೈಪು ಸರಿದಾಡುವಷ್ಟು ಸಡಿಲವಾದ ಕ್ಲಾಂಪುಗಳಿರಲಿ.

ಹೆಚ್ಚಿನವರು ಬಿಟ್ಟುಬಿಡುವುದು ರಿಟರ್ನ್ ಲೈನನ್ನು, ಅಂದರೆ ಪೈಪಿನ ನೀರು ಟ್ಯಾಂಕಿಗೆ ಮರಳುವ ದಾರಿಯನ್ನು. ಟ್ಯಾಂಕಿನಿಂದ ಕೊನೆಯ ಕೋಣೆಗೆ 25 ಮಿ.ಮೀ. ಪೈಪು 30 ಮೀಟರ್ ಹೋಗಿದೆ ಎನ್ನಿ. ಅದರೊಳಗೆ ಸುಮಾರು 13 ಲೀಟರ್ ತಣ್ಣೀರು ನಿಂತಿರುತ್ತದೆ. ನಿಮಿಷಕ್ಕೆ 6 ಲೀಟರ್ ಬಿಡುವ ಷವರ್ ಕೆಳಗೆ ಅತಿಥಿ ಎರಡು ನಿಮಿಷಕ್ಕಿಂತ ಹೆಚ್ಚು ಕಾಯಬೇಕು. ಕೊನೆಯ ಕೋಣೆಯಿಂದ ಟ್ಯಾಂಕಿಗೆ ಮರಳುವ ಪೈಪು, ಸಣ್ಣ ಪಂಪು, ನಾನ್‌ರಿಟರ್ನ್ ವಾಲ್ವ್ ಮೂರನ್ನೂ ಪತ್ರದಲ್ಲಿ ಸೇರಿಸಿ.

ಇನ್ಸುಲೇಷನ್ನಿಗೆ ನೈಟ್ರೈಲ್ ರಬ್ಬರ್ ಟ್ಯೂಬು ಸಾಕು: ಟೆರೇಸಿನಲ್ಲಿ 19 ಮಿ.ಮೀ. ದಪ್ಪ, ಒಳಗೆ 13 ಮಿ.ಮೀ. ಟೆರೇಸಿನ ಭಾಗಕ್ಕೆ ಮೇಲಿಂದ ಅಲ್ಯೂಮಿನಿಯಂ ಹೊದಿಕೆ ಬೇಕೇ ಬೇಕು. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ. ನಮ್ಮ ಮಳೆಗಾಲದಲ್ಲಿ ಆ ಬಿರುಕಿನಿಂದ ಒಳಹೋದ ನೀರು ಶಾಖವನ್ನು ಎಳೆದುಕೊಳ್ಳುತ್ತದೆ. ಹೊದಿಕೆಯ ಸೀಳು ಕೆಳಮುಖವಾಗಿರಲಿ.

ಗೋಡೆಯೊಳಗಿನ 20 ಮಿ.ಮೀ. ಪೈಪಿನ ಹೊರಮೈ 22 ಮಿ.ಮೀ.; ಟ್ಯೂಬು ಹಾಕಿದರೆ 48 ಆಗುತ್ತದೆ. ಕೆಂಪುಕಲ್ಲಿನಲ್ಲಿ 40 ಮಿ.ಮೀ. ಗ್ರೂವ್ ಕೊರೆದ ಪ್ಲಂಬರ್ ಕೊನೆಗೆ ಟ್ಯೂಬನ್ನೇ ಕಿತ್ತು ಬಿಸಾಡುತ್ತಾನೆ, ಪ್ಲಾಸ್ಟರ್ ಆದ ಮೇಲೆ ಯಾರಿಗೂ ಕಾಣದು. "ಗ್ರೂವ್‌ನ ಆಳ, ಅಗಲ 60 ಮಿ.ಮೀ.ಗೆ ಕಡಿಮೆ ಇರಬಾರದು" ಎಂದು ಬರೆಯಿರಿ.

ಪರೀಕ್ಷೆ ಜಾಯಿಂಟುಗಳನ್ನು ಮುಚ್ಚುವ ಮೊದಲೇ ಆಗಬೇಕು, ಕೊನೆಯ ಜಾಯಿಂಟು ಒಣಗಲು 24 ಗಂಟೆ ಬಿಟ್ಟು. ಬಿಸಿನೀರಿನ ಟ್ಯಾಂಕನ್ನು ವಾಲ್ವ್‌ನಿಂದ ಬೇರೆ ಮಾಡಿ, ಇಲ್ಲದಿದ್ದರೆ ಅದೇ ಒಡೆದೀತು. ಗಾಳಿ ಪೂರ್ತಿ ಹೊರಗೆ ಬಿಟ್ಟು ನೀರು ತುಂಬಿ, ಕೆಳಮಹಡಿಯ ಗೇಜ್‌ನಲ್ಲಿ ಚದರ ಸೆಂ.ಮೀ.ಗೆ 6 ಕೆ.ಜಿ. ತೋರಿಸುವಂತೆ ಒತ್ತಡ ಏರಿಸಬೇಕು. ಪ್ಲಾಸ್ಟಿಕ್ ಪೈಪು ಮೊದಲು ತುಸು ಹಿಗ್ಗಿ ಮುಳ್ಳು ಇಳಿಯುವುದು ಸಹಜ; ಮತ್ತೆ 6ಕ್ಕೆ ತಂದ ಮೇಲೆ ಎರಡು ಗಂಟೆ ಕದಲಬಾರದು. ಗಾಳಿ ತುಂಬಿ ಪರೀಕ್ಷಿಸಲು ಬಿಡಬೇಡಿ, ಪೈಪು ಸಿಡಿದರೆ ಚೂರುಗಳು ಹಾರುತ್ತವೆ.

ಕೊನೆಯ ಕಂತಿಗೆ ಈ ಷರತ್ತು ಹಾಕಿ: "ಟ್ಯಾಂಕಿನಲ್ಲಿ 60 ಡಿಗ್ರಿ ಇರುವಾಗ, ರಿಟರ್ನ್ ಪೈಪಿನಲ್ಲಿ 50ಕ್ಕಿಂತ ಕಡಿಮೆ ಇರಬಾರದು. ಕೊನೆಯ ಕೋಣೆಯ ನಲ್ಲಿಯಲ್ಲಿ ಅರ್ಧ ನಿಮಿಷದೊಳಗೆ ಬಿಸಿನೀರು ಬರಬೇಕು. ಇವೆರಡೂ ತೋರಿಸಿದ ನಂತರವೇ ಬಾಕಿ ಹಣ."