ದಾಖಲೆ ಆಸ್ಪತ್ರೆಯಲ್ಲೇ ಉಳಿದರೆ ಸಾಕೇ?

*ಮಂಗನ ಕಾಯಿಲೆಯನ್ನು ಬೇಗ ಗುರುತಿಸೋ ಕಂಪ್ಯೂಟರ್ ಮಾದರಿ ಮಾಡ್ತೀವಿ, ರೋಗಿಗಳ ದಾಖಲೆ ಆಸ್ಪತ್ರೆ ಬಿಟ್ಟು ಹೋಗಲ್ಲ ಅಂತಾರೆ. ಹೋಗದಿದ್ದರೆ ಹೆದರೋದು ಯಾಕೆ?*
*— ಓದುಗರೊಬ್ಬರು, ಹೊಸನಗರ ತಾಲ್ಲೂಕು*

ದಾಖಲೆ ಹೋಗುವುದಿಲ್ಲ, ನಿಜ. ಆದರೆ ಅದರಿಂದ ಲೆಕ್ಕ ಹಾಕಿದ ಅಂಕಿಗಳು ಹೋಗುತ್ತವೆ.

ಫೆಡರೇಟೆಡ್ ಲರ್ನಿಂಗ್ ಎಂಬ ಈ ವಿಧಾನದಲ್ಲಿ ಸರ್ವರ್ ಒಂದೇ ಮಾದರಿಯನ್ನು ಸಾಗರ, ಸೊರಬ, ತೀರ್ಥಹಳ್ಳಿಯ ಆಸ್ಪತ್ರೆಗಳಿಗೆಲ್ಲ ಕಳಿಸುತ್ತದೆ ಎಂದುಕೊಳ್ಳಿ. ಪ್ರತಿ ಆಸ್ಪತ್ರೆ ತನ್ನ ದಾಖಲೆಗಳಿಂದ ಅದಕ್ಕೆ ಕಲಿಸಿ, ಬದಲಾದ ಅಂಕಿಗಳನ್ನಷ್ಟೇ ವಾಪಸ್ ಕೊಡುತ್ತದೆ. ಸರ್ವರ್ ಅವುಗಳ ಸರಾಸರಿ ತೆಗೆದು ಮತ್ತೆ ಹಂಚುತ್ತದೆ. ಹೀಗೆ ಹಲವು ಸುತ್ತು ನಡೆಯುತ್ತದೆ.

ಆ ಅಂಕಿಗಳಲ್ಲಿ ರೋಗಿಯ ಸುಳಿವು ಉಳಿದಿರುತ್ತದೆ. ಇಂಥ ಅಂಕಿಗಳಿಂದಲೇ ಮಾದರಿಗೆ ಕಲಿಸಲು ಬಳಸಿದ ಮೂಲ ಚಿತ್ರಗಳನ್ನು ಮರಳಿ ಕಟ್ಟಬಹುದೆಂದು 2019ರಲ್ಲಿ ಸಂಶೋಧಕರು ಮಾಡಿ ತೋರಿಸಿದರು. ಬರೀ ವಯಸ್ಸಿನ ಸರಾಸರಿಯನ್ನೇ ನೋಡಿ. ಸಣ್ಣ ಆಸ್ಪತ್ರೆಯೊಂದರಲ್ಲಿ ನಿನ್ನೆ 12 ರೋಗಿಗಳು, ಸರಾಸರಿ 40. ಇವತ್ತು 13 ಜನ, ಸರಾಸರಿ 42. ಒಟ್ಟು 480 ಇದ್ದದ್ದು 546 ಆಯಿತು. ಹೊಸಬರಿಗೆ 66 ವರ್ಷ! ಮಲೆನಾಡಿನ ಊರಲ್ಲಿ ಕಾಡಿಗೆ ಹೋಗಿ ಜ್ವರ ಬಂದ 66ರ ಹಿರಿಯರು ಯಾರೆಂದು ಗೊತ್ತಾಗದೇ ಇರುತ್ತದಾ?

ಇದನ್ನು ತಡೆಯುವುದು ಡಿಫರೆನ್ಷಿಯಲ್ ಪ್ರೈವಸಿ. ಇದಕ್ಕೆ ಗಣಿತದ ಗಟ್ಟಿ ರೂಪ ಬಂದದ್ದು 2006ರಲ್ಲಿ. ಮೊದಲು ಒಬ್ಬ ರೋಗಿ ಒಟ್ಟು ಮೊತ್ತವನ್ನು ಎಷ್ಟು ಬದಲಿಸಬಹುದು ಎಂಬುದಕ್ಕೆ ಮಿತಿ ಹಾಕುತ್ತಾರೆ. ಇಲ್ಲಿ ವಯಸ್ಸಿಗೆ 100 ಮಿತಿ ಇರಲಿ. ಆಮೇಲೆ ಮೊತ್ತಕ್ಕೆ ಬೇಕೆಂದೇ ಏರುಪೇರು ಸೇರಿಸುತ್ತಾರೆ. ಎಷ್ಟು ಎಂಬುದನ್ನು ಎಪ್ಸಿಲಾನ್ ಎಂಬ ಅಂಕಿ ಹೇಳುತ್ತದೆ. ಅದು ಸಣ್ಣದಾದಷ್ಟೂ ಏರುಪೇರು ಜಾಸ್ತಿ. ಎಪ್ಸಿಲಾನ್ 1 ಆದರೆ ಮೊತ್ತ ಸಾಮಾನ್ಯವಾಗಿ 140ರಷ್ಟು ಆಚೀಚೆ ಆಗುತ್ತದೆ. ಆಗ 66ರ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ.

ಇದಕ್ಕೆ ಬೆಲೆಯೂ ಇದೆ. 13 ರೋಗಿಗಳ ಸರಾಸರಿ ಸುಮಾರು 11 ವರ್ಷ ತಪ್ಪಬಹುದು, ಅಂದರೆ ಉಪಯೋಗಕ್ಕೆ ಬಾರದು. 1300 ರೋಗಿಗಳ ಮೊತ್ತಕ್ಕೆ ಅಷ್ಟೇ ಏರುಪೇರು ಸೇರಿಸಿದರೆ ತಪ್ಪು ವರ್ಷದ ಹತ್ತನೇ ಒಂದು ಭಾಗದಷ್ಟೇ. ಹಾಗಾಗಿ ನಮ್ಮ ಸಣ್ಣ ಸಣ್ಣ ಆಸ್ಪತ್ರೆಗಳು ಕೂಡಿ ಕಲಿಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಪ್ರತಿ ಆಸ್ಪತ್ರೆಯ ಅಂಕಿ ಮುಚ್ಚಿಟ್ಟು ಒಟ್ಟು ಮೊತ್ತ ಮಾತ್ರ ಸರ್ವರ್‌ಗೆ ಕಾಣುವಂತೆ ಮಾಡುವ ತಂತ್ರವೂ ಇದೆ. ಅದು ಜೊತೆಗಿದ್ದರೆ ಪ್ರತಿ ಆಸ್ಪತ್ರೆಯೂ ಏರುಪೇರಿನ ಸ್ವಲ್ಪ ಪಾಲು ಸೇರಿಸಿದರೆ ಸಾಕು.

ಒಂದು ಮಾತು ಬಿಡುವಂತಿಲ್ಲ. ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡವರಿಗೆ ಅಪಾಯ ಜಾಸ್ತಿ ಎಂದು ಮಾದರಿ ಕಲಿತರೆ, ಆ ಮಾತು ದಾಖಲೆ ಕೊಡದವರಿಗೂ ಅಂಟಿಕೊಳ್ಳುತ್ತದೆ. ಡಿಫರೆನ್ಷಿಯಲ್ ಪ್ರೈವಸಿ ಅದನ್ನು ತಡೆಯುವುದಿಲ್ಲ. ನೀವು ಲೆಕ್ಕದಲ್ಲಿ ಇದ್ದಿರೋ ಇಲ್ಲವೋ ಎಂಬುದನ್ನಷ್ಟೇ ಅದು ಮಸುಕು ಮಾಡುತ್ತದೆ.

ಮಾದರಿ ಮಾಡುವವರು ಮತ್ತೆ ಬಂದಾಗ ಎಪ್ಸಿಲಾನ್ ಎಷ್ಟೆಂದು ಕೇಳಿ. ಒಂದು ಸುತ್ತಿನದಲ್ಲ, ಎಲ್ಲಾ ಸುತ್ತು ಸೇರಿ ಎಷ್ಟು ಅಂತ. ಸುತ್ತಿಗೆ 1ರಂತೆ 50 ಸುತ್ತು ನಡೆಸಿ ಸುಮ್ನೆ ಕೂಡಿದರೆ 50 ಆಗುತ್ತದೆ. ಲೆಕ್ಕ ಬಿಗಿ ಮಾಡಿದರೆ ಇಳಿಯುತ್ತದೆ, ಆದರೆ ಆ ಲೆಕ್ಕವನ್ನು ಅವರು ತೋರಿಸಬೇಕು.