ಪ್ರತಿಯಿಂದ ಲೈವ್‌ಗೆ ಡೇಟಾಬೇಸ್ ಏರಿಸಿದಾಗ: ಒಂದು ಸೀರೆ ಅಂಗಡಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಹೆಣ್ಣುಮಗಳು. ಅವರ ಸೈಟು ವರ್ಡ್‌ಪ್ರೆಸ್, ವೂಕಾಮರ್ಸ್ ಮೇಲೆ ನಡೆಯುತ್ತದೆ. ಹೊಸ ಥೀಮ್ ಹಾಕಲು ಅವರ ಅಕ್ಕನ ಮಗ ಪರೀಕ್ಷೆಗೆಂದು ಸೈಟಿನ ಸ್ಟೇಜಿಂಗ್ ಪ್ರತಿ ತೆಗೆದು, ಒಂಬತ್ತು ದಿನ ಅದರಲ್ಲೇ ಕೆಲಸ ಮಾಡಿ, ಕೊನೆಗೆ ಇಡೀ ಪ್ರತಿಯನ್ನು ಲೈವ್ ಸೈಟಿನ ಮೇಲೆ ಏರಿಸಿದ್ದ. ಸೈಟು ಚೆಂದ ಕಂಡಿತು. ಆದರೆ ಆ ಒಂಬತ್ತು ದಿನದಲ್ಲಿ ಬಂದಿದ್ದ 14 ಆರ್ಡರ್ ಮಾಯವಾಗಿದ್ದವು.

"ಹುಡುಗ ಕಾಪಿ ಮಾಡ್ಕೊಂಡs ಕೆಲಸ ಮಾಡ್ಯಾನ್ರಿ. ಮತ್ತ ತಪ್ಪೆಲ್ಲಿ ಆತ್ರಿ?" ಎಂದು ಕೇಳಿದರು.

ಪ್ರತಿ ತೆಗೆದದ್ದು ಸರಿಯೇ ಇತ್ತು, ತಪ್ಪಾದದ್ದು ಏರಿಸುವಾಗ. ಆರ್ಡರ್, ಗ್ರಾಹಕರ ವಿವರ, ದಾಸ್ತಾನಿನ ಲೆಕ್ಕ ಎಲ್ಲವೂ ಇರುವುದು ಡೇಟಾಬೇಸಿನಲ್ಲಿ. ಅವನು ಏರಿಸಿದ್ದು ಒಂಬತ್ತು ದಿನ ಹಳೆಯ ಡೇಟಾಬೇಸು. ಹೀಗಾಗಿ ಮಾರಿಹೋದ ಸೀರೆಗಳು ಮತ್ತೆ "ದಾಸ್ತಾನಿದೆ" ಎಂದು ತೋರಿದವು. ಇಳಕಲ್ ಸೀರೆಯಲ್ಲಿ ಒಂದು ಬಣ್ಣ, ಒಂದು ದಡಿಗೆ ಒಂದೇ ಸೀರೆ ಇರುವುದುಂಟು. ಅಂಥದ್ದೊಂದು ಇಬ್ಬರಿಗೆ ಮಾರಾಟವಾಗಿತ್ತು.

ನಾವು ಮೊದಲು ಹೇಳಿದ್ದು: ಹೊಸ ಆರ್ಡರ್ ತಗೊಳ್ಳುವುದನ್ನು ಈಗಲೇ ನಿಲ್ಲಿಸಿ. ಎರಡನೆಯದು: ಹಳೆಯ ಬ್ಯಾಕಪ್ಪನ್ನು ಲೈವ್ ಮೇಲೆ ಸುರಿಯಬೇಡಿ. ಏರಿಸಿದ ಮೇಲೆ ಬಂದ ಆರ್ಡರುಗಳಿಗೆ ಕಳೆದುಹೋದವುಗಳ ಸಂಖ್ಯೆಯೇ ಮತ್ತೆ ಸಿಕ್ಕಿರಬಹುದು, ಏಕೆಂದರೆ ಎಣಿಕೆಯೂ ಹಿಂದಕ್ಕೆ ಹೋಗಿದೆ. ಹಾಗಾಗಿ ಏರಿಸುವ ಮುಂಚಿನ ಬ್ಯಾಕಪ್ಪನ್ನು ಬೇರೆಯೇ ಡೇಟಾಬೇಸಿನಲ್ಲಿ ಬಿಚ್ಚಿ, 14 ಆರ್ಡರನ್ನು ಓದಿಕೊಂಡು, ಪೇಮೆಂಟ್ ಗೇಟ್‌ವೇಯ ಪಟ್ಟಿಯೊಂದಿಗೆ ತಾಳೆ ನೋಡಿ, ಲೈವ್‌ನಲ್ಲಿ ಕೈಯಿಂದ ನಮೂದಿಸಿದರು. ಹಳೆಯ ಸಂಖ್ಯೆಯನ್ನು ಆಯಾ ಆರ್ಡರಿನ ಟಿಪ್ಪಣಿಯಲ್ಲಿ ಬರೆದಿಟ್ಟರು. ಸೀರೆ ಸಿಗದ ಗ್ರಾಹಕರಿಗೆ ತಾವೇ ಫೋನ್ ಮಾಡಿ ಹಣ ಮರಳಿಸಿದರು.

ಮುಂದಿನ ಸಲಕ್ಕೆ ಕೊಟ್ಟ ನಿಯಮ ಒಂದೇ: ಡೇಟಾಬೇಸು ಲೈವ್‌ನಿಂದ ಪ್ರತಿಗೆ ಇಳಿಯುತ್ತದೆ, ಎಂದೂ ಮೇಲೆ ಏರುವುದಿಲ್ಲ. ಏರುವುದು ಥೀಮ್, ಪ್ಲಗಿನ್ ಫೈಲುಗಳು ಮಾತ್ರ. ಸಾಗಣೆ ದರ, ಮೆನು, ಪುಟದ ವಿನ್ಯಾಸದಂಥ ಸೆಟ್ಟಿಂಗುಗಳೂ ಡೇಟಾಬೇಸಿನಲ್ಲೇ ಇರುವುದರಿಂದ, ಪ್ರತಿಯಲ್ಲಿ ಮಾಡುತ್ತ ಹೋದಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಲೈವ್‌ನಲ್ಲಿ ಅದೇ ಕ್ರಮದಲ್ಲಿ ಮತ್ತೆ ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ನಡೆಯುತ್ತಿರುವ ಅಂಗಡಿಗೆ ಇದೇ ಸುರಕ್ಷಿತ.

ಪ್ರತಿ ತೆಗೆಯುವಾಗ ಹೆಚ್ಚು ಎಡವುವುದು ವಿಳಾಸದಲ್ಲಿ. ಫೈಲುಗಳನ್ನು ಸಬ್‌ಡೊಮೇನಿಗೆ ಹಾಕಿ, ಡೇಟಾಬೇಸನ್ನು ಹೊಸ ಹೆಸರಿನಲ್ಲಿ ಇಳಿಸಿಕೊಂಡ ಮೇಲೂ ಅದರೊಳಗೆ ಲೈವ್ ವಿಳಾಸವೇ ಬರೆದಿರುತ್ತದೆ. ಪ್ರತಿಯನ್ನು ತೆರೆದು ಲಾಗಿನ್ ಆದರೆ ಬ್ರೌಸರ್ ಸದ್ದಿಲ್ಲದೆ ಲೈವ್‌ಗೆ ಹೊರಳುತ್ತದೆ. ಪ್ರತಿಯಲ್ಲಿದ್ದೇನೆ ಎಂದುಕೊಂಡು ಲೈವ್ ಸೈಟನ್ನೇ ತಿದ್ದುತ್ತೀರಿ. ಆದ್ದರಿಂದ ವರ್ಡ್‌ಪ್ರೆಸ್‌ಗೆ ಆದೇಶ ಕೊಡುವ WP-CLI ಬಳಸಿ, ಟರ್ಮಿನಲ್‌ನಲ್ಲಿ ಪ್ರತಿಯ ಫೋಲ್ಡರಿನಲ್ಲಿ ನಿಂತು ಹೀಗೆ:

```
wp config get DB_NAME
wp search-replace 'https://example.com' 'https://staging.example.com' --skip-columns=guid --dry-run
```

ಮೊದಲ ಸಾಲು ಲೈವ್ ಡೇಟಾಬೇಸಿನ ಹೆಸರನ್ನೇ ತೋರಿಸಿದರೆ ಅಲ್ಲೇ ನಿಲ್ಲಿ. ಆಗ ಎರಡನೆಯ ಆದೇಶವನ್ನು `--dry-run` ಇಲ್ಲದೆ ಓಡಿಸಿದರೆ ಲೈವ್ ಸೈಟಿನ ವಿಳಾಸಗಳೇ ಬದಲಾಗಿಬಿಡುತ್ತವೆ. `--dry-run` ಇದ್ದಾಗ ಏನೂ ಬದಲಾಗದೆ ಎಣಿಕೆ ಮಾತ್ರ ಕಾಣುತ್ತದೆ. ಹೆಸರು ಬೇರೆ ಇದ್ದು, ಎಣಿಕೆಯೂ ಸರಿ ಕಂಡರೆ `--dry-run` ತೆಗೆದು ಮತ್ತೆ ಓಡಿಸಿ. ಇದನ್ನೇ ಎಸ್‌ಕ್ಯೂಎಲ್ ಫೈಲಿನಲ್ಲಿ ಹುಡುಕಿ ಬದಲಿಸಲು ಹೋಗಬೇಡಿ. ಹಲವು ಸೆಟ್ಟಿಂಗುಗಳು ಅಕ್ಷರಗಳ ಉದ್ದವನ್ನೂ ಜೊತೆಗೆ ಬರೆದಿಟ್ಟುಕೊಂಡಿರುತ್ತವೆ. ವಿಳಾಸ ಉದ್ದವಾಗಿ ಆ ಲೆಕ್ಕ ತಪ್ಪಿದರೆ ವಿಜೆಟ್, ಥೀಮ್ ಆಯ್ಕೆಗಳು ಖಾಲಿಯಾಗುತ್ತವೆ.

ಪ್ರತಿಯಲ್ಲಿ ನಿಜವಾದ ಗ್ರಾಹಕರ ಇಮೇಲ್‌ಗಳೂ ಇರುತ್ತವೆ. ಪರೀಕ್ಷೆಗೆ ಹಳೆಯ ಆರ್ಡರೊಂದರ ಸ್ಥಿತಿ ಬದಲಿಸಿದರೂ ಅವರಿಗೆ ಪತ್ರ ಹೋಗುತ್ತದೆ. ಹಾಗಾಗಿ ಪ್ರತಿಯ `wp-content/mu-plugins` ಒಳಗೆ ಒಂದು ಪಿಎಚ್‌ಪಿ ಫೈಲಿನಲ್ಲಿ:

```
<?php
add_filter( 'pre_wp_mail', '__return_false' );
```

ಎಸ್‌ಎಂಎಸ್, ವಾಟ್ಸ್‌ಆ್ಯಪ್ ಸಂದೇಶಗಳು ಇದರಿಂದ ನಿಲ್ಲುವುದಿಲ್ಲ. ಅವುಗಳ ಕೀಲಿಯನ್ನು ಪ್ರತಿಯಿಂದ ತೆಗೆಯಬೇಕು. ಗೇಟ್‌ವೇಗೆ ಪರೀಕ್ಷಾ ಕೀಲಿ ಹಾಕಬೇಕು. ರೇಜರ್‌ಪೇ ಆದರೆ ಅದು `rzp_test_` ಎಂದು ಶುರುವಾಗುತ್ತದೆ. ಜೊತೆಗೆ ಸಬ್‌ಡೊಮೇನಿಗೆ ಪಾಸ್‌ವರ್ಡ್ ಹಾಕಿದರೆ ಗೂಗಲ್ಲೂ ಒಳಗೆ ಬರುವುದಿಲ್ಲ, ದಾರಿ ತಪ್ಪಿದ ಗ್ರಾಹಕರೂ ಅಲ್ಲಿ ಸೀರೆ ಕೊಳ್ಳಲು ಹೋಗುವುದಿಲ್ಲ.

ಎರಡು ತಿಂಗಳ ನಂತರ ವೂಕಾಮರ್ಸ್ ಅಪ್‌ಡೇಟಿಗೆ ಅವರು ಹೊಸದಾಗಿ ಪ್ರತಿ ತೆಗೆದರು. ಮೊಬೈಲಿನಲ್ಲಿ ಪರೀಕ್ಷಾ ಆರ್ಡರ್ ಹಾಕಿದಾಗ, "ಮನೆಗೆ ಬಂದಾಗ ಹಣ" ಆಯ್ಕೆ ಒತ್ತಿದರೆ ಚೆಕ್‌ಔಟ್ ಸುತ್ತುತ್ತಲೇ ಉಳಿಯಿತು. ಪ್ಲಗಿನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತ ಹೋದಾಗ ಹಳೆಯ ಪಿನ್‌ಕೋಡ್ ಪ್ಲಗಿನ್ ಸಿಕ್ಕಿಬಿತ್ತು. ಲೈವ್‌ನಲ್ಲಿ ಮೊದಲು ಅದನ್ನು ತೆಗೆದು, ಬ್ಯಾಕಪ್ ಮಾಡಿಕೊಂಡು, ರಾತ್ರಿ ಆರ್ಡರ್ ಕಡಿಮೆ ಇರುವ ಹೊತ್ತಿನಲ್ಲಿ ಅಪ್‌ಡೇಟ್ ಮಾಡಿದರು. ಗ್ರಾಹಕರ ಫೋನ್ ನಂಬರ್, ವಿಳಾಸಗಳಿರುವ ಪ್ರತಿಯನ್ನು ಮರುದಿನವೇ ಅಳಿಸಲು ಹೇಳಿದೆವು, ಅಳಿಸಿದರು.